ಇಂಟರ್ವ್ಯೂ ತಗೊಂಡವ್ರಿಗೆ ಲಿಂಕ್ಡ್‌ಇನ್‌ಲಿ ರಿಕ್ವೆಸ್ಟ್ ಕಳ್ಸೋದು ಹೆಂಗೆ, ಮೈಮೇಲೆ ಬಿದ್ದಂಗೆ ಆಗ್ಬಾರ್ದು ಅಂದ್ರೆ

ಹೋದ ತಿಂಗಳು ಒಂದು ಬುಧವಾರ ಸಂಜೆ ನಮ್ಮ ಅಕ್ಕನ ಮಗ ಪುಣೆ ಹತ್ರದ ಚಾಕಣದಿಂದ ಫೋನ್ ಮಾಡಿದ. ಗದಗಿನಿಂದ ಬಂದು ವಾಕಡದಲ್ಲಿ ಪಿಜಿಲಿ ಇದಾನೆ, ಎರಡು ವರ್ಷ ಒಂದು ಸಣ್ಣ ಕಂಪನಿಲಿ ಕ್ವಾಲಿಟಿ ಕೆಲಸ ಮಾಡಿದಾನೆ, ಅವತ್ತು ಗಾಡಿ ಪಾರ್ಟ್ಸ್ ಮಾಡೋ ಒಂದು ಫ್ಯಾಕ್ಟರಿಲಿ ಎರಡನೇ ರೌಂಡ್ ಮುಗಿಸಿ ಇನ್ನೂ ಗೇಟ್ ಹೊರಗೆ ರಿಕ್ಷಾ ಕಾಯ್ತಾ ನಿಂತಿದ್ದ. "ಮಾಮಾ, ಇಂಟರ್ವ್ಯೂ ತಗೊಂಡ ಸರ್‌ದು ಲಿಂಕ್ಡ್‌ಇನ್ ಪ್ರೊಫೈಲ್ ಸಿಕ್ಕೈತಿ, ಈಗ್ಲೇ ರಿಕ್ವೆಸ್ಟ್ ಒಗೀಲೇನು?" ಅಂದ. ನಾನು ಅಂದೆ, "ತಡೀಪಾ, ಮೊದಲು ಮನೀಗ್ ಬಾ, ಚಹಾ ಕುಡಿ."

ನಾನು ಪುಣೆಗೆ ಬಂದು ಹದಿನಾಲ್ಕು ವರ್ಷ ಆಯ್ತು, ಹಿಂಜೆವಾಡಿಲಿ ಕೆಲಸ, ಇಂಟರ್ವ್ಯೂ ಪ್ಯಾನೆಲ್‌ಲಿ ಕೂರ್ತಾ ಇರ್ತೀನಿ, ಅಂದ್ರೆ ಈ ರಿಕ್ವೆಸ್ಟ್‌ಗಳು ಬಂದು ಬೀಳೋ ಕಡೆ ಇರೋನು ನಾನು. ಹಂಗಾಗಿ ಅವನ ಕೇಸನ್ನೇ ಇಟ್ಕೊಂಡು, ಏನೇನು ಮಾಡಿದ್ವಿ, ಏನು ಬಿಟ್ವಿ ಅಂತ ಒಂದೊಂದಾಗಿ ಹೇಳ್ತೀನಿ.

ಮೊದಲು ಒಂದು ವಿಷಯ ತಲೇಲಿರ್ಲಿ. ಇಂಟರ್ವ್ಯೂ ತಗೊಂಡವರ ಬಾಯಿ ಆ ಟೈಮಲ್ಲಿ ಕಟ್ಟಿರುತ್ತೆ. ರಿಸಲ್ಟ್ ಏನು, ಇನ್ನೊಬ್ಬ ಕ್ಯಾಂಡಿಡೇಟ್ ಹೆಂಗಿದ್ದ, ಮುಂದೆ ರೌಂಡ್ ಇದೆಯಾ, ಯಾವುದನ್ನೂ ಅವರು ನಿಮಗೆ ನೇರವಾಗಿ ಹೇಳೋ ಹಂಗಿಲ್ಲ, ಎಲ್ಲ ಎಚ್‌ಆರ್ ಮೂಲಕವೇ ಬರಬೇಕು. ಹಂಗಿದ್ದಾಗ ನೀವು ಕಳ್ಸೋ ನೋಟಿನಲ್ಲಿ ಉತ್ತರ ಬೇಡೋ ಒಂದು ಮಾತಿದ್ರೂ ಅವರಿಗೆ ಇಕ್ಕಟ್ಟು. ಉತ್ತರ ಕೊಟ್ರೆ ನಿಯಮ ಮುರಿದಂಗೆ, ಕೊಡದಿದ್ರೆ ಮನುಷ್ಯತ್ವ ಇಲ್ಲ ಅನ್ನಿಸ್ಕೊಂಡಂಗೆ. ನನಗೆ ಬಂದ ರಿಕ್ವೆಸ್ಟ್‌ಗಳಲ್ಲಿ ಕಿರಿಕಿರಿ ಅನ್ನಿಸಿದ್ದು ಎಲ್ಲ ಇದೇ ಜಾತಿಯವು. ಸುಮ್ನೆ ಕನೆಕ್ಟ್ ಆಗೋಣ ಅಂದವ್ರು ಯಾರೂ ನನಗೆ ಕಿರಿಕಿರಿ ಮಾಡಿಲ್ಲ.

ಯಾವಾಗ ಕಳಿಸ್ಬೇಕು

ಥ್ಯಾಂಕ್ಸ್ ಹೇಳೋಕೆ ಮೊದಲ ಜಾಗ ಲಿಂಕ್ಡ್‌ಇನ್ ಅಲ್ಲ, ಮೇಲ್. ಇಂಟರ್ವ್ಯೂ ಫಿಕ್ಸ್ ಮಾಡಿದ ಎಚ್‌ಆರ್‌ಗೆ ಅದೇ ಮೇಲಿಗೆ ರಿಪ್ಲೈ ಆಗಿ ಎರಡು ಸಾಲು, ಇವತ್ತು ಮಾತಾಡೋಕೆ ಟೈಮ್ ಕೊಟ್ಟಿದ್ದಕ್ಕೆ ಥ್ಯಾಂಕ್ಸ್, ಪ್ಯಾನೆಲ್‌ನಲ್ಲಿದ್ದವರಿಗೂ ತಿಳಿಸಿ ಅಂತ. ಅದನ್ನ ಅವನು ಅವತ್ತೇ ರಾತ್ರಿ ಕಳಿಸಿದ.

ಲಿಂಕ್ಡ್‌ಇನ್ ರಿಕ್ವೆಸ್ಟ್ ಗೇಟ್ ಹೊರಗೆ ನಿಂತು ಕಳಿಸಿದ್ರೆ ಆ ಕಡೆಯವ್ರು ಇನ್ನೂ ನಿಮ್ಮ ಫೀಡ್‌ಬ್ಯಾಕ್ ಫಾರ್ಮ್ ತುಂಬ್ತಾ ಇರ್ತಾರೆ, ಆಗ ಫೋನಲ್ಲಿ ನಿಮ್ಮ ಮುಖ ಪಾಪ್ ಅಪ್ ಆದ್ರೆ ಹೆಗಲ ಮೇಲಿಂದ ಯಾರೋ ಇಣುಕಿದಂಗೆ ಆಗುತ್ತೆ, ನನಗೆ ಆಗಿದೆ. ಮುಂದಿನ ಕೆಲಸದ ದಿನ ಬೆಳಿಗ್ಗೆ ಹತ್ತೂವರೆ ಹನ್ನೊಂದಕ್ಕೆ ಕಳಿಸಿದ್ರೆ ಸರಿ. ಇಲ್ಲೊಂದು ಪುಣೆ ಲೆಕ್ಕ ಇದೆ. ಚಾಕಣ, ಭೋಸರಿ, ಪಿಂಪ್ರಿ ಕಡೆ ಎಂಐಡಿಸಿ ಅನ್ನೋ ಕೈಗಾರಿಕಾ ಪ್ರದೇಶದ ಬಹಳಷ್ಟು ಫ್ಯಾಕ್ಟರಿಗಳಿಗೆ ವಾರದ ರಜೆ ಭಾನುವಾರ ಅಲ್ಲ, ಗುರುವಾರ. ಇವನದು ಬುಧವಾರ ಇಂಟರ್ವ್ಯೂ, ಮರುದಿನ ಕಳಿಸಿದ್ರೆ ಆ ಮನುಷ್ಯ ಮಕ್ಕಳನ್ನ ಕರ್ಕೊಂಡು ಎಲ್ಲೋ ಹೋಗಿರ್ತಾರೆ, ರಜೆ ದಿನ ಕ್ಯಾಂಡಿಡೇಟ್ ಮುಖ ನೋಡ್ಬೇಕಾಗುತ್ತೆ. ಅದಕ್ಕೆ ಶುಕ್ರವಾರಕ್ಕೆ ಇಟ್ವಿ.

ಇನ್ನೊಂದು, ಅದೇ ವ್ಯಕ್ತಿ ಜೊತೆ ಇನ್ನೊಂದು ರೌಂಡ್ ಇದೆ ಅಂತ ಗೊತ್ತಿದ್ರೆ ಕಳಿಸ್ಲೇಬೇಡಿ, ಅದು ಮುಗೀಲಿ. ಇವನಿಗೆ ಉಳಿದಿದ್ದು ಎಚ್‌ಆರ್ ಜೊತೆ ಸಂಬಳದ ಮಾತು ಮಾತ್ರ, ಅದಕ್ಕೆ ನಡೀತು. ಮತ್ತೆ ಕೆಲವು ಕಂಪನಿಗಳಲ್ಲಿ ಪ್ಯಾನೆಲ್‌ನವರಿಗೆ ರಿಸಲ್ಟ್ ಆಗೋವರೆಗೂ ಕ್ಯಾಂಡಿಡೇಟ್‌ಗಳನ್ನ ಸೇರಿಸ್ಕೋಬೇಡಿ ಅಂತ ಹೇಳಿರ್ತಾರೆ, ಅದು ನಿಮಗೆ ಹೊರಗಿಂದ ಕಾಣಲ್ಲ. ರಿಕ್ವೆಸ್ಟ್ ತಿಂಗಳುಗಟ್ಟಲೆ ಹಂಗೇ ಬಿದ್ದಿದ್ರೆ ಅದರಲ್ಲಿ ನಿಮ್ಮ ರಿಸಲ್ಟ್ ಹುಡುಕೋಕೆ ಹೋಗ್ಬೇಡಿ.

ಸರಿಯಾದ ಮನುಷ್ಯನನ್ನ ಹುಡುಕೋದು

ಇವನು ನನಗೆ ತೋರ್ಸಿದ ಪ್ರೊಫೈಲ್ ಬೇರೆ ಯಾರದೋ! ಪುಣೆಲಿ ಜೋಶಿ, ಕುಲಕರ್ಣಿ, ದೇಶಪಾಂಡೆ ಅಂತ ಸರ್ಚ್ ಕೊಟ್ರೆ ಕೈ ನೋಯೋವರೆಗೂ ಸ್ಕ್ರೋಲ್ ಮಾಡ್ಬೋದು, ಮುಂದಿನ ಹೆಸರೂ ಒಂದೇ ಇರೋರು ಹತ್ತು ಜನ ಸಿಗ್ತಾರೆ. ಕ್ಯಾಲೆಂಡರ್ ಇನ್ವೈಟ್‌ನಲ್ಲಿ ಇರೋ ಪೂರ್ತಿ ಹೆಸರು ತಗೊಳ್ಳಿ, ಕಂಪನಿ ಪೇಜಿಗೆ ಹೋಗಿ ಅಲ್ಲಿ ಕೆಲಸ ಮಾಡೋರ ಪಟ್ಟಿಲಿ ಹುಡುಕಿ, ಹುದ್ದೆ ಹೊಂದುತ್ತಾ, ಫೋಟೋ ಹೊಂದುತ್ತಾ ನೋಡಿ. ಅನುಮಾನ ಇದ್ರೆ ಬಿಟ್ಬಿಡಿ. ಎಚ್‌ಆರ್‌ಗೆ ಫೋನ್ ಮಾಡಿ "ಸರ್ ಪ್ರೊಫೈಲ್ ಲಿಂಕ್ ಕೊಡ್ತೀರಾ" ಅಂತ ಕೇಳೋದು ಬೇಡವೇ ಬೇಡ.

ಪ್ರೊಫೈಲ್ ಒಂದೇ ಸಲ ನೋಡಿ ಸಾಕು. ಯಾರು ನೋಡಿದ್ರು ಅಂತ ಅವರಿಗೆ ಕಾಣುತ್ತೆ, ಇವನು ಎರಡು ದಿನದಲ್ಲಿ ಆರು ಸಲ ಹೋಗಿ ಬಂದಿದ್ದ, ಅದೃಷ್ಟಕ್ಕೆ ಆ ಪ್ರೊಫೈಲ್ ಬೇರೆಯವರದು. ಬೇಕಂದ್ರೆ ಸೆಟ್ಟಿಂಗ್ಸ್‌ನ Visibility ಒಳಗೆ Profile viewing options ಅಂತ ಇದೆ, ಅಲ್ಲಿ ಪ್ರೈವೇಟ್ ಮೋಡ್ ಹಾಕ್ಬೋದು, ಆದ್ರೆ ಫ್ರೀ ಅಕೌಂಟ್ ಆಗಿದ್ರೆ ನಿಮ್ಮ ಪ್ರೊಫೈಲ್ ಯಾರು ನೋಡಿದ್ರು ಅನ್ನೋದೂ ನಿಮಗೆ ಕಾಣೋದು ನಿಲ್ಲುತ್ತೆ. ಕೆಲಸ ಹುಡುಕೋ ಟೈಮಲ್ಲಿ ಅದು ಬೇಕಾದ ಮಾಹಿತಿ, ಅದಕ್ಕೆ ನಾನಂತೂ ಹಾಕು ಅನ್ನಲ್ಲ.

ಈಗ ಎಲ್ಲೋ ಕೆಲಸದಲ್ಲಿ ಇದ್ಕೊಂಡೇ ಹೊರಗೆ ಇಂಟರ್ವ್ಯೂ ಕೊಡ್ತಿದ್ರೆ ಇನ್ನೊಂದು ಸೆಟ್ಟಿಂಗ್ ನೋಡ್ಲೇಬೇಕು. ನಿಮ್ಮ ಕನೆಕ್ಷನ್‌ಗಳ ಪಟ್ಟಿ ನಿಮ್ಮ ಉಳಿದ ಕನೆಕ್ಷನ್‌ಗಳಿಗೆ ಕಾಣುತ್ತೆ, ನೀವಾಗಿ ಬಂದ್ ಮಾಡೋವರೆಗೂ. ಈಗಿನ ಬಾಸ್ ನಿಮ್ಮ ಪಟ್ಟಿಲಿದ್ದು, ಎದುರು ಕಂಪನಿ ಕ್ವಾಲಿಟಿ ಹೆಡ್ ಅದೇ ವಾರ ನಿಮ್ಮ ಪಟ್ಟಿಗೆ ಬಂದ್ರೆ, ಚಾಕಣದಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತು, ಉಳಿದಿದ್ದು ಅವರೇ ಊಹೆ ಮಾಡ್ಕೊತಾರೆ. ಅದೇ Visibility ಒಳಗೆ Connections ಅಂತ ಇದೆ, ಮೊದಲು ಅದನ್ನ ಆಫ್ ಮಾಡಿ, ಆಮೇಲೆ ರಿಕ್ವೆಸ್ಟ್.

ನೋಟ್ ಬರೆಯೋದು

ಜಾಗ ಬಹಳ ಕಮ್ಮಿ. ಫ್ರೀ ಅಕೌಂಟಿಗೆ 200 ಅಕ್ಷರ, ಪ್ರೀಮಿಯಂಗೆ 300. ಫ್ರೀ ಅಕೌಂಟಲ್ಲಿ ತಿಂಗಳಿಗೆ ಇಂತಿಷ್ಟೇ ನೋಟ್ ಅಂತ ಮಿತಿನೂ ಇದೆ, ಬೆರಳಲ್ಲಿ ಎಣಿಸುವಷ್ಟು, ಅದಕ್ಕೆ ಕಂಡಕಂಡವರಿಗೆ ಬರೆದು ಖಾಲಿ ಮಾಡ್ಕೊಂಡಿರ್ಬೇಡಿ. ಕನ್ನಡ ಲಿಪಿಲಿ ಬರೆಯೋರಿಗೆ ಒಂದು ಮಾತು, ಇಂಥ ಬಾಕ್ಸ್‌ಗಳು ಒತ್ತು, ಗುಣಿತ ಎಲ್ಲವನ್ನೂ ಬೇರೆ ಬೇರೆ ಎಣಿಸುತ್ವೆ, "ಸ್ತ್ರೀ" ಅನ್ನೋದು ನಮಗೆ ಒಂದಕ್ಷರ, ಅದಕ್ಕೆ ಆರು.

ಮತ್ತೆ, ಆ ಕಡೆ ನೋಟ್ ಹೆಂಗೆ ಕಾಣುತ್ತೆ ಅಂತ ತಿಳ್ಕೊಳ್ಳಿ. ಫೋಟೋ, ಹೆಸರು, ಹೆಸರಿನ ಕೆಳಗೆ ನಿಮ್ಮ ಒಂದು ಸಾಲಿನ ಪರಿಚಯ, ಅದರ ಕೆಳಗೆ ನೋಟ್. ಅಂದ್ರೆ ನೀವ್ಯಾರು, ಎಷ್ಟು ವರ್ಷ ಅನುಭವ ಅಂತ ನೋಟಲ್ಲಿ ಮತ್ತೆ ಹೇಳ್ಬೇಕಾಗಿಲ್ಲ. ಅವರು ಆಕ್ಸೆಪ್ಟ್ ಮಾಡಿದ್ಮೇಲೆ ಅದೇ ನೋಟ್ ನಿಮ್ಮಿಬ್ಬರ ಚಾಟ್‌ನಲ್ಲಿ ಮೊದಲ ಮೆಸೇಜ್ ಆಗಿ ಕೂತ್ಬಿಡುತ್ತೆ, ಮೂರು ವರ್ಷ ಆದ್ಮೇಲೆ ಬೇರೆ ಯಾವುದೋ ಕೆಲಸಕ್ಕೆ ಮೆಸೇಜ್ ಮಾಡಿದ್ರೂ ಮೇಲೆ ಅದೇ ಕಾಣುತ್ತೆ.

ಇವನು ಇಂಗ್ಲಿಷಲ್ಲಿ ಬರೆದ ಮೊದಲ ನೋಟಿನ ಅರ್ಥ ಹಿಂಗಿತ್ತು: "ಗೌರವಾನ್ವಿತ ಸರ್, ನಿಮ್ಮಂಥ ಲೀಡರ್ ಜೊತೆ ಮಾತಾಡಿದ್ದು ನನ್ನ ಭಾಗ್ಯ. ನನ್ನ ಇಂಟರ್ವ್ಯೂ ಹೇಗಾಯ್ತು ದಯವಿಟ್ಟು ಫೀಡ್‌ಬ್ಯಾಕ್ ಕೊಡಿ. ನಿಮ್ಮ ಉತ್ತರಕ್ಕೆ ಕಾಯ್ತಿರ್ತೀನಿ." ಭಾಗ್ಯ ಗೀಗ್ಯ ತೆಗಿ ಅಂದೆ, ಅದು ಮದುವೆ ಆಹ್ವಾನ ಪತ್ರಿಕೆ ಆಯ್ತು. ಅದಕ್ಕಿಂತ ಕೆಟ್ಟದ್ದು ಆ ಫೀಡ್‌ಬ್ಯಾಕ್ ಮಾತು, ಮೇಲೆ ಹೇಳಿದ್ನಲ್ಲ, ಅವರಿಗೆ ಕೊಡೋಕೆ ಬರದೇ ಇರೋದನ್ನ ಕೇಳ್ತಿದಾನೆ. "ಕಾಯ್ತಿರ್ತೀನಿ" ಅಂತೂ ಬಾಗಿಲಿಗೆ ಕಾಲು ಅಡ್ಡ ಇಟ್ಟಂಗೆ.

ಆಮೇಲೆ ಕೇಳ್ದೆ, ಅಲ್ಲಿ ಏನ್ ಮಾತಾತು, ಯಾವುದು ನೆನಪೈತಿ? ಅವನು ಹೇಳಿದ್ದು ಚೆನ್ನಾಗಿತ್ತು. ಗೇಜ್ ಆರ್ ಅಂಡ್ ಆರ್ ಅಂತ ಒಂದು ಪರೀಕ್ಷೆ ಇದೆ, ಒಂದು ಪಾರ್ಟ್ ಅಳೆಯುವಾಗ ಬರೋ ಏರುಪೇರಲ್ಲಿ ಅಳೆಯೋ ಉಪಕರಣದ್ದೆಷ್ಟು, ಅಳೆಯೋ ಜನರದ್ದೆಷ್ಟು ಅಂತ ನೋಡೋದು. ಸಾಮಾನ್ಯ ಲೆಕ್ಕ ಅಂದ್ರೆ 10 ಪರ್ಸೆಂಟ್ ಒಳಗಿದ್ರೆ ಒಳ್ಳೇದು, 30 ದಾಟಿದ್ರೆ ಆಗಲ್ಲ, ನಡುವೆ ಬಂದ್ರೆ ಎಲ್ಲಿ ಬಳಸ್ತೀವಿ, ಹೊಸ ಗೇಜಿಗೆ ಖರ್ಚೆಷ್ಟು ಅಂತ ನೋಡಿ ನಿರ್ಧಾರ. ಸರ್ ಕೇಳಿದ್ರಂತೆ, 22 ಬಂತು, ಏನ್ ಮಾಡ್ತೀಯ? ಇವನು ಜೋರಾಗಿ "ರಿಜೆಕ್ಟ್" ಅಂದನಂತೆ. ಅವರು ನಕ್ಕು, ಅದೇ ಗೇಜ್ ಬ್ರೇಕಿನ ಪಾರ್ಟಿಗೆ ಬಳಸೋದು ಬೇರೆ, ಒಂದು ಕವರ್ ಪ್ಲೇಟಿಗೆ ಬಳಸೋದು ಬೇರೆ ಅಂತ ಬಿಡಿಸಿ ಹೇಳಿದ್ರಂತೆ.

ಸಿಕ್ತಲ್ಲ ವಿಷಯ! ಆದ್ರೆ ಅವನ ಎರಡನೇ ನೋಟ್ ಇನ್ನೊಂದು ದಿಕ್ಕಿಗೆ ಹೋಯ್ತು. ಮನೇಲಿ ಕೂತು ಪುಸ್ತಕ ತೆಗೆದು ಸರಿ ಉತ್ತರ ಹುಡುಕಿ, ಸರ್ ನಿಜವಾಗ್ಲೂ ನನ್ನ ಉತ್ತರ ಹಿಂಗಿರ್ಬೇಕಿತ್ತು ಅಂತ ಬರೆದ. ಇದು ಬಹಳ ಜನ ಮಾಡೋ ತಪ್ಪು, ಹುಷಾರ್ ಹುಡುಗರೇ ಜಾಸ್ತಿ. ಇಂಟರ್ವ್ಯೂ ಮುಗಿದಿದೆ, ಮಾರ್ಕ್ಸ್ ಬಿದ್ದಿದೆ, ಪರೀಕ್ಷೆ ಹಾಲ್‌ನಿಂದ ಹೊರಗೆ ಬಂದು ಕಿಟಕಿಲಿ ಇನ್ನೊಂದು ಹಾಳೆ ತೂರಿಸಿದಂಗೆ ಅದು. ನಿಜಕ್ಕೂ ತಪ್ಪು ಮಾಹಿತಿ ಕೊಟ್ಟಿದ್ರೆ, ನೋಟಿಸ್ ಪೀರಿಯಡ್ ತಪ್ಪು ಹೇಳಿದ್ದೀರಿ ಅಂತ ಇಟ್ಕೊಳ್ಳಿ, ಅದನ್ನ ಎಚ್‌ಆರ್‌ಗೆ ಮೇಲಲ್ಲಿ ತಿದ್ದಿ.

ಕೊನೆಗೆ ನಿಂತಿದ್ದು ಇದು, ಕಳಿಸಿದ್ದು ಇಂಗ್ಲಿಷಲ್ಲಿ, ಕನ್ನಡದಲ್ಲಿ ಹೇಳಿದ್ರೆ ಹಿಂಗೆ:

"ನಮಸ್ಕಾರ ಸರ್. ಬುಧವಾರ ಕ್ವಾಲಿಟಿ ಇಂಜಿನಿಯರ್ ಇಂಟರ್ವ್ಯೂನಲ್ಲಿ ಭೇಟಿಯಾಗಿದ್ದೆ. ಗೇಜ್ 22 ಪರ್ಸೆಂಟ್ ಬಂದಾಗ ಹೇಗೆ ಯೋಚಿಸಬೇಕು ಅಂತ ನೀವು ಬಿಡಿಸಿ ಹೇಳಿದ್ದು ಉಪಯೋಗ ಆಯ್ತು. ಥ್ಯಾಂಕ್ಸ್. ಇಲ್ಲಿ ಕನೆಕ್ಟ್ ಆಗಿರೋಣ ಅನ್ನಿಸ್ತು."

ಕನ್ನಡ ಲಿಪಿಲಿ ಇದು ಸುಮಾರು 185 ಅಕ್ಷರ, ಫ್ರೀ ಅಕೌಂಟಲ್ಲೂ ಹಿಡಿಸುತ್ತೆ. ಮೊದಲ ಸಾಲು ಯಾರಪ್ಪ ಇವನು ಅನ್ನೋದನ್ನ ತೀರಿಸುತ್ತೆ, ವಾರಕ್ಕೆ ಎಂಟು ಜನರನ್ನ ನೋಡೋರಿಗೆ ಬರೀ ಹೆಸರು ನೆನಪಿರಲ್ಲ, ದಿನ ಮತ್ತೆ ಹುದ್ದೆ ಹೇಳಿದ್ರೆ ನೆನಪಾಗುತ್ತೆ. ಎರಡನೇದು ಆ ಕೋಣೇಲಿ ಅವರೇ ಹೇಳಿದ ಮಾತು, ಬೇರೆ ಯಾರಿಗೂ ಕಾಪಿ ಮಾಡಿ ಕಳಿಸೋಕೆ ಬರಲ್ಲ. ಪೂರ್ತಿ ಓದಿದ್ರೂ ಎಲ್ಲೂ ಪ್ರಶ್ನೆ ಚಿಹ್ನೆ ಇಲ್ಲ ನೋಡಿ. ನೋಟ್ ಬರೆದಾದ್ಮೇಲೆ ನಾನು ನೋಡೋದು ಅದೊಂದನ್ನೇ, ಪ್ರಶ್ನೆ ಚಿಹ್ನೆ ಇದ್ರೆ ಮತ್ತೆ ಬರಿ ಅಂತೀನಿ.

ಸರ್ ಅನ್ಬೇಕಾ, ಹೆಸರು ಹಿಡೀಬೇಕಾ ಅಂತ ಕೇಳಿದ. ಇಂಟರ್ವ್ಯೂಲಿ ಏನಂದ್ಯೋ ಅದೇ. ನಮ್ಮ ಹಿಂಜೆವಾಡಿ ಐಟಿ ಕಡೆ ಸರ್ ಅಂದ್ರೆ ಹಳೇ ಕಾಲದವನು ಅಂತಾರೆ, ಚಾಕಣದ ಶಾಪ್ ಫ್ಲೋರಿನಲ್ಲಿ ಕ್ವಾಲಿಟಿ ಹೆಡ್‌ನ ಬರೀ ಹೆಸರು ಹಿಡಿದು ಕರೆದ್ರೆ ಪಕ್ಕದೋರು ತಿರುಗಿ ನೋಡ್ತಾರೆ.

ಇನ್ನೊಂದು ಸೂಕ್ಷ್ಮ ಇತ್ತು. ಈ ಸರ್ ಅಡ್ಡಹೆಸರು ಮರಾಠಿಯವರದೂ ಆಗ್ಬೋದು, ಧಾರವಾಡದ ಕಡೆಯವರದೂ ಆಗ್ಬೋದು ಅನ್ನೋ ಥರದ್ದು. ಇಂಟರ್ವ್ಯೂ ಮುಗಿದು ಎದ್ದಾಗ ಅವರೇ ಮೆಲ್ಲಗೆ "ಗದಗ ಊರಾಗಾ, ಹಳ್ಳಿಯಾಗಾ?" ಅಂತ ಕೇಳಿದ್ರಂತೆ. ಇವನಿಗೆ ಆಕಾಶಕ್ಕೆ ಮೂರೇ ಗೇಣು, ನೋಟು ಕನ್ನಡದಲ್ಲೇ ಬರೀತೀನಿ, ನಮ್ಮವರು ಅಂತ ಒಂದು ಮಾತು ಹಾಕ್ತೀನಿ ಅಂದ. ನಾನು ಬೇಡ ಅಂದೆ. ಪರಊರಲ್ಲಿ ಕನ್ನಡ ಕಿವಿಗೆ ಬಿದ್ರೆ ನನಗೂ ಮೈ ಜುಮ್ ಅನ್ನುತ್ತೆ, ಸುಳ್ಳು ಹೇಳಲ್ಲ. ಆದ್ರೆ ಪ್ಯಾನೆಲ್‌ನಲ್ಲಿ ಇನ್ನೊಬ್ರು ಮರಾಠಿಯವರು ಕೂತಿದ್ರು, ಆಯ್ಕೆ ಇನ್ನೂ ಆಗಿಲ್ಲ, ಈಗ ನಮ್ಮವರು ಅನ್ನೋದು ಅವರ ಮೇಲೆ ಭಾರ ಹಾಕಿದಂಗೆ, ನಾಳೆ ಇವನನ್ನ ತಗೊಂಡ್ರೂ ಊರಿನವನು ಅಂತ ತಗೊಂಡ್ರು ಅಂತಾರೆ. ಅವರು ಬಾಯಲ್ಲಿ ಆಡಿದ ಊರಿನ ಮಾತು ಬಾಯಲ್ಲೇ ಇರ್ಲಿ. ಹಂಗೇ ಅವರು ಇಂಟರ್ವ್ಯೂಲಿ ಹೇಳದೇ ಇರೋದನ್ನ, ಪ್ರೊಫೈಲಲ್ಲಿ ಕೆಳಗೆ ಇಳಿದು ಇಳಿದು ಕಂಡ ಕಾಲೇಜು, ಹಳೇ ಕಂಪನಿ, ಅದನ್ನೂ ನೋಟಲ್ಲಿ ತರ್ಬಾರ್ದು. ಇಂಟರ್ವ್ಯೂಲಿ ಅವರು ಗಿರಾಕಿ ಕಂಪನಿ ಹೆಸರನ್ನೋ, ಯಾವುದೋ ಲೈನಲ್ಲಿ ಬಂದ ಕಂಪ್ಲೇಂಟನ್ನೋ ಉದಾಹರಣೆಗೆ ಹೇಳಿದ್ರೆ ಅದೂ ಬೇಡ. ಗೇಜ್ ಲೆಕ್ಕ ಎಲ್ಲರಿಗೂ ಗೊತ್ತಿರೋದು, ಗಿರಾಕಿ ಹೆಸರು ಹಂಗಲ್ಲ.

ಕಳ್ಸೋವಾಗ ಕೈ ಜಾರೋ ಜಾಗ

ಫೋನಲ್ಲಿ ಪ್ರೊಫೈಲ್ ತೆಗೆದು ನೀಲಿ Connect ಬಟನ್ ಒತ್ತಿದ್ರೆ ಎಷ್ಟೋ ಸಲ ನೋಟ್ ಕೇಳದೇನೇ ರಿಕ್ವೆಸ್ಟ್ ಹೋಗ್ಬಿಡುತ್ತೆ. ಮೂರು ಚುಕ್ಕಿ ಒತ್ತಿ, ಅದರೊಳಗೆ ನೋಟ್ ಸೇರಿಸೋ ಆಯ್ಕೆ ಹುಡುಕ್ಬೇಕು. ಕಂಪ್ಯೂಟರಲ್ಲಿ ಪ್ರೊಫೈಲ್ ಪೇಜಿಂದ Connect ಒತ್ತಿದ್ರೆ Add a note ಅಂತ ಕೇಳುತ್ತೆ, ಅದಕ್ಕೆ ಲ್ಯಾಪ್‌ಟಾಪಲ್ಲೇ ಮಾಡಿ. "ನಿಮಗೆ ಗೊತ್ತಿರಬಹುದಾದ ಜನ" ಅಂತ ತೋರ್ಸೋ ಪಟ್ಟಿಯಿಂದ ಅಂತೂ ಒತ್ಲೇಬೇಡಿ, ಅಲ್ಲಿಂದ ನೇರ ಹೋಗುತ್ತೆ. ಕೆಲವರ ಪ್ರೊಫೈಲಲ್ಲಿ ಮೇಲೆ Follow ಮಾತ್ರ ಕಾಣುತ್ತೆ, Connect ಅನ್ನೋದು More ಒಳಗಿರುತ್ತೆ. ಅಂಥವರು ಜನ ಸೇರಿಸ್ಕೊಳ್ಳೋದ್ರಲ್ಲಿ ಅಷ್ಟು ಆಸಕ್ತಿ ಇಲ್ಲ ಅಂತ ಸುಳಿವು ಕೊಟ್ಟಂಗೆ, ಅಲ್ಲಿ ನಾನಾದ್ರೆ ಬರೀ ಫಾಲೋ ಮಾಡಿ ಸುಮ್ನಾಗ್ತೀನಿ.

ಒಮ್ಮೆ ಹೋದ ನೋಟನ್ನ ತಿದ್ದೋಕೆ ಬರಲ್ಲ. ವಾಪಸ್ ತಗೋಬೋದು, ಮೈ ನೆಟ್‌ವರ್ಕ್‌ನಲ್ಲಿ ಕಳಿಸಿದ ರಿಕ್ವೆಸ್ಟ್‌ಗಳ ಪಟ್ಟಿಗೆ ಹೋಗಿ Withdraw ಒತ್ತಿದ್ರೆ ಆಯ್ತು, ವಾಪಸ್ ತಗೊಂಡಿದ್ದಕ್ಕೆ ಅವರಿಗೆ ನೋಟಿಫಿಕೇಶನ್ ಹೋಗಲ್ಲ, ಆದ್ರೆ ಅದೇ ವ್ಯಕ್ತಿಗೆ ಮತ್ತೆ ಕಳಿಸೋಕೆ ಮೂರು ವಾರದವರೆಗೆ ಬಿಡಲ್ಲ. ಹಂಗಾಗಿ ಸಣ್ಣ ಸ್ಪೆಲ್ಲಿಂಗ್ ತಪ್ಪಿಗೆಲ್ಲ ವಾಪಸ್ ತಗೋಬೇಡಿ. ಅವರ ಹೆಸರೇ ತಪ್ಪಾಗಿದ್ರೆ, ಅಥವಾ ಇನ್ನೊಂದು ಕಂಪನಿ ಹೆಸರು ಉಳ್ಕೊಂಡಿದ್ರೆ ತಗೊಳ್ಳಿ. ಎರಡನೇದು ನನಗೇ ಬಂದಿದೆ, ನಮ್ಮ ಕಂಪನಿಲಿ ಇಂಟರ್ವ್ಯೂ ಕೊಟ್ಟು ಬೇರೆ ಕಂಪನಿ ಹೆಸರು ಹಾಕಿ ಥ್ಯಾಂಕ್ಸ್!

ಕಳಿಸಿದ್ಮೇಲೆ

ಏನೂ ಮಾಡೋದಿಲ್ಲ. ಇದೇ ಕಷ್ಟ. ಶುಕ್ರವಾರ ಹನ್ನೊಂದಕ್ಕೆ ಕಳಿಸಿದ, ಶನಿವಾರ ಕೇಳ್ದ, ಭಾನುವಾರ ಕೇಳ್ದ, ಸೋಮವಾರ ಅವರು ಯಾರದೋ ಪೋಸ್ಟಿಗೆ ಲೈಕ್ ಕೊಟ್ಟಿದಾರೆ ಅಂದ್ರೆ ಆನ್‌ಲೈನ್ ಬಂದಿದಾರೆ, ನಂದು ಯಾಕೆ ನೋಡಿಲ್ಲ ಮಾಮಾ ಅಂದ. ನೋಡಿರ್ತಾರಪ್ಪ, ನನ್ನ ಪಟ್ಟಿಲೂ ನಲವತ್ತು ರಿಕ್ವೆಸ್ಟ್ ಬಿದ್ದಿದಾವೆ, ಒಂದು ದಿನ ಏರ್‌ಪೋರ್ಟಲ್ಲಿ ಕೂತಾಗ ಎಲ್ಲ ಒಟ್ಟಿಗೆ ಒತ್ತೀನಿ. ಅಲ್ಲಿ ಆಗಿಲ್ಲ ಅಂತ ಇಮೇಲ್ ಹುಡುಕಿ ಬರೆಯೋದು, ಇನ್‌ಸ್ಟಾಗ್ರಾಮಲ್ಲಿ ಫಾಲೋ ಮಾಡೋದು, ಯಾರ ಹತ್ರಾನೋ ನಂಬರ್ ತಗೊಂಡು ವಾಟ್ಸಾಪಲ್ಲಿ ಗುಡ್ ಮಾರ್ನಿಂಗ್ ಕಳ್ಸೋದು, ಮೈಮೇಲೆ ಬೀಳೋದು ಅಂದ್ರೆ ನಿಜಕ್ಕೂ ಇದು. ಒಂದು ರಿಕ್ವೆಸ್ಟ್ ಯಾರಿಗೂ ಭಾರ ಅಲ್ಲ, ಎರಡನೇ ಬಾಗಿಲು ಬಡಿದಾಗ ಮೊದಲನೇದೂ ಕೆಟ್ಟದಾಗಿ ಕಾಣುತ್ತೆ. ಅವರು Ignore ಒತ್ತಿ, ಈ ವ್ಯಕ್ತಿ ನನಗೆ ಗೊತ್ತಿಲ್ಲ ಅಂತಾನೂ ಗುರುತು ಹಾಕ್ಬೋದು, ಅಂಥವು ಜಾಸ್ತಿ ಆದ್ರೆ ಲಿಂಕ್ಡ್‌ಇನ್ ನಿಮಗೆ ರಿಕ್ವೆಸ್ಟ್ ಕಳಿಸೋಕೆ ತಡೆ ಹಾಕುತ್ತೆ. ನೋಟಿನ ಮೊದಲ ಸಾಲಲ್ಲಿ ದಿನ, ಹುದ್ದೆ ಹಾಕಿ ಅಂದಿದ್ದು ಅದಕ್ಕೂ ಸೇರಿ.

ರಿಜೆಕ್ಟ್ ಆದ್ಮೇಲೆ ಕಳಿಸ್ಬೋದಾ ಅಂದ್ರೆ, ನನ್ನ ಲೆಕ್ಕದಲ್ಲಿ ಅದೇ ಎಲ್ಲಕ್ಕಿಂತ ಒಳ್ಳೆ ಟೈಮು. ಆಗ ಯಾರಿಗೂ ಇಕ್ಕಟ್ಟಿಲ್ಲ, ನೀವೇನೋ ಬೇಡ್ತಿದೀರಿ ಅನ್ನೋ ಅನುಮಾನನೂ ಇರಲ್ಲ. ಮೇಲ್ ಬಂದು ಎರಡು ಮೂರು ದಿನ ಬಿಟ್ಟು ಅದೇ ನೋಟನ್ನ ಕಳಿಸಿ, "ಈ ಸಲ ಆಗ್ಲಿಲ್ಲ, ಆದ್ರೂ" ಅಂತ ಒಂದು ಮಾತು ಸೇರಿಸಿದ್ರೆ ಸಾಕು, ಯಾಕೆ ಆಗ್ಲಿಲ್ಲ ಅಂತ ಕೇಳ್ಬೇಡಿ. ನನಗೆ ಹಂಗೆ ಕಳಿಸಿದ ಒಬ್ಬ ಹುಡುಗೀನ ಮುಂದಿನ ವರ್ಷ ನಾನೇ ಇನ್ನೊಂದು ಟೀಮಿಗೆ ಹೆಸರು ಹೇಳಿದೀನಿ, ಅದು ಅವಳ ನೋಟಿಂದ ಅಲ್ಲ, ಚೆನ್ನಾಗಿ ಕೋಡ್ ಬರೀತಿದ್ಳು, ನೋಟಿಂದ ಹೆಸರು ಮಾತ್ರ ನೆನಪಲ್ಲಿ ಉಳೀತು.

ಇವನದು ಒಂಬತ್ತನೇ ದಿನ ಆಕ್ಸೆಪ್ಟ್ ಆಯ್ತು, ಚಾಟಲ್ಲಿ ಒಂದು ಹೆಬ್ಬೆರಳು, ಅಷ್ಟೇ. ಎಚ್‌ಆರ್ ಕಡೆಯಿಂದ ಇನ್ನೂ ಫೋನಿಲ್ಲ. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ "ಮಾಮಾ, ಹೆಬ್ಬೆರಳಿಗೆ ಏನಾರ ರಿಪ್ಲೈ ಮಾಡ್ಲೇನು?" ಅಂದ. "ಬ್ಯಾಡಪಾ, ಮಲಕ್ಕೋ" ಅಂದೆ.